σ ಮೊದಲೋ, π ಮೊದಲೋ: ದ್ವಿಪರಮಾಣು ಅಣುಗಳಿಗೆ ಯಾವ ಶಕ್ತಿಮಟ್ಟದ ಚಿತ್ರವನ್ನು ಆರಿಸಬೇಕು?

ಲಿಥಿಯಂನಿಂದ ನಿಯಾನ್‌ವರೆಗಿನ ಎರಡನೇ ಸಾಲಿನ ಮೂಲವಸ್ತುಗಳ ದ್ವಿಪರಮಾಣು ಅಣುಗಳನ್ನು ವಿವರಿಸುವಾಗ ಪಠ್ಯಪುಸ್ತಕಗಳು ಒಂದಲ್ಲ, ಎರಡು ಶಕ್ತಿಮಟ್ಟದ ಚಿತ್ರಗಳನ್ನು ಮುಂದಿಡುತ್ತವೆ. ಒಂದರಲ್ಲಿ π2p ಆರ್ಬಿಟಲ್‌ಗಳ ಜೋಡಿ ಕೆಳಗಿದ್ದು σ2p ಅದರ ಮೇಲಿರುತ್ತದೆ. ಇನ್ನೊಂದರಲ್ಲಿ σ2p ಕೆಳಗೆ, π2p ಮೇಲೆ. ಇವುಗಳ ಜೊತೆಗೆ ಚಿತ್ರವನ್ನೇ ಬರೆಯದೆ ಒಟ್ಟು ಇಲೆಕ್ಟ್ರಾನ್‌ಗಳನ್ನು ಎಣಿಸಿ ಬಂಧ ಕ್ರಮಾಂಕವನ್ನು, ಅಂದರೆ ಬಾಂಡ್ ಆರ್ಡರನ್ನು, ಹೇಳಿಬಿಡುವ ಒಂದು ಅಡ್ಡದಾರಿಯೂ ವಿದ್ಯಾರ್ಥಿಗಳ ನಡುವೆ ಚಾಲ್ತಿಯಲ್ಲಿದೆ. ಹೀಗೆ ಆಯ್ಕೆಗಳು ಮೂರಾಗುತ್ತವೆ. ಯಾವ ಪ್ರಶ್ನೆಗೆ ಯಾವುದು ಸಾಕು, ಯಾವುದು ಸಾಲದು, ಮತ್ತು ಯಾವ ಅಣುವಿನಲ್ಲಿ ತಪ್ಪು ಆಯ್ಕೆಯಿಂದ ಉತ್ತರ ನಿಜವಾಗಿಯೂ ಕೆಡುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಎರಡು ಕ್ರಮಗಳನ್ನು ಮೊದಲು ಒಂದರ ಕೆಳಗೊಂದು ಬರೆದುಕೊಳ್ಳುವುದು ಒಳ್ಳೆಯದು. 1s ಆರ್ಬಿಟಲ್‌ಗಳಿಂದ ಬರುವ ಬಂಧಕ ಮತ್ತು ಪ್ರತಿಬಂಧಕ ಮಟ್ಟಗಳೆರಡೂ ತುಂಬಿಯೇ ಇರುವುದರಿಂದ ಅವು ಒಂದನ್ನೊಂದು ರದ್ದುಮಾಡುತ್ತವೆ, ಅವನ್ನು ಬಿಟ್ಟಿದ್ದೇನೆ. ನಕ್ಷತ್ರ ಚಿಹ್ನೆ ಇರುವವು ಪ್ರತಿಬಂಧಕ ಆರ್ಬಿಟಲ್‌ಗಳು.

```
π-ಮೊದಲು:  σ2s < σ*2s < π2p < σ2p < π*2p < σ*2p
σ-ಮೊದಲು:  σ2s < σ*2s < σ2p < π2p < π*2p < σ*2p
```

ವ್ಯತ್ಯಾಸವಿರುವುದು ನಡುವಿನ ಒಂದೇ ಜಾಗದಲ್ಲಿ. σ2p ಒಂದೇ ಆರ್ಬಿಟಲ್ ಆದ್ದರಿಂದ ಅದರಲ್ಲಿ ಎರಡು ಇಲೆಕ್ಟ್ರಾನ್‌ಗಳಿಗೆ ಸ್ಥಳವಿದೆ. π2p ಎಂಬುದು ಸಮಾನ ಶಕ್ತಿಯ ಎರಡು ಆರ್ಬಿಟಲ್‌ಗಳ ಜೋಡಿ, ಅಲ್ಲಿ ನಾಲ್ಕಕ್ಕೆ ಸ್ಥಳವಿದೆ. ಕೆಲವು ಪುಸ್ತಕಗಳು ಇವನ್ನೇ 3σ<sub>g</sub> ಮತ್ತು 1π<sub>u</sub> ಎಂದು ಹೆಸರಿಸುತ್ತವೆ. ಹೆಸರು ಬೇರೆಯಾದರೂ ವಿಷಯ ಒಂದೇ, ಆದ್ದರಿಂದ ಈ ಕಾರಣಕ್ಕೆ ಗಲಿಬಿಲಿಗೊಳ್ಳಬೇಕಿಲ್ಲ.

ಎರಡು ಕ್ರಮಗಳು ಏಕೆ ಬಂದವು

ಅಣುವಿನ ಅಕ್ಷದ ಸುತ್ತಲಿನ ಸಮ್ಮಿತಿ ಒಂದೇ ಆಗಿರುವ ಎರಡು ಆರ್ಬಿಟಲ್‌ಗಳು ಶಕ್ತಿಯಲ್ಲಿಯೂ ಹತ್ತಿರವಿದ್ದರೆ ಅವು ಪರಸ್ಪರ ಬೆರೆಯುತ್ತವೆ. ಬೆರೆತಾಗ ಕೆಳಗಿನದು ಇನ್ನಷ್ಟು ಕೆಳಗಿಳಿಯುತ್ತದೆ, ಮೇಲಿನದು ಇನ್ನಷ್ಟು ಮೇಲೇರುತ್ತದೆ. σ2s ಮತ್ತು σ2p ಎರಡಕ್ಕೂ ಇರುವುದು ಇಂಥ ಸಮಾನ ಸಮ್ಮಿತಿ. ಆದ್ದರಿಂದ 2s ಮತ್ತು 2p ಮಟ್ಟಗಳ ನಡುವಿನ ಅಂತರ ಕಡಿಮೆಯಿರುವ ಪರಮಾಣುಗಳಲ್ಲಿ σ2p ಮೇಲಕ್ಕೆ ತಳ್ಳಲ್ಪಟ್ಟು π2pಯನ್ನೂ ದಾಟಿಬಿಡುತ್ತದೆ. π2pಗೆ 2s ಕಡೆಯಿಂದ ಬೆರೆಯಬಲ್ಲ ಜೊತೆಗಾರನೇ ಇಲ್ಲ. ಅದು ಇದ್ದಲ್ಲಿಯೇ ಉಳಿಯುತ್ತದೆ. ಹೀಗಾಗಿ π-ಮೊದಲು ಕ್ರಮ ಎಂದರೆ s–p ಬೆರಕೆ ಬಲವಾಗಿರುವ ಸ್ಥಿತಿಯ ಚಿತ್ರ, σ-ಮೊದಲು ಕ್ರಮ ಎಂದರೆ ಆ ಬೆರಕೆ ದುರ್ಬಲವಾಗಿರುವ ಸ್ಥಿತಿಯ ಚಿತ್ರ.

ಅಂತರ ಎಷ್ಟು ಎಂಬುದನ್ನು ಅಂಕಿಗಳಲ್ಲಿ ನೋಡಿದರೆ ಗಡಿ ಎಲ್ಲಿ ಬೀಳುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. 2s ಮತ್ತು 2p ನಡುವಿನ ಶಕ್ತಿಯ ಅಂತರ ಬೋರಾನ್‌ನಲ್ಲಿ ಸುಮಾರು 5.7 ಇಲೆಕ್ಟ್ರಾನ್ ವೋಲ್ಟ್, ಕಾರ್ಬನ್‌ನಲ್ಲಿ 8.8, ನೈಟ್ರೋಜನ್‌ನಲ್ಲಿ 12.4, ಆಕ್ಸಿಜನ್‌ನಲ್ಲಿ 16.5; ಫ್ಲೋರಿನ್‌ನಲ್ಲಿ ಅದು 20 ದಾಟುತ್ತದೆ. ಬಲಕ್ಕೆ ಹೋದಂತೆ ಬೀಜದ ಧನಾವೇಶ ಹೆಚ್ಚುತ್ತದೆ, ಬೀಜದ ಸಮೀಪಕ್ಕೆ ಹೆಚ್ಚು ನುಸುಳುವ 2s ಆರ್ಬಿಟಲ್ 2pಗಿಂತ ವೇಗವಾಗಿ ಕೆಳಗಿಳಿಯುತ್ತದೆ, ಅಂತರ ಅಗಲವಾಗುತ್ತದೆ. ನೈಟ್ರೋಜನ್ ಮತ್ತು ಆಕ್ಸಿಜನ್‌ಗಳ ನಡುವೆ ಬೆರಕೆಯ ಪರಿಣಾಮ σ2pಯನ್ನು π2pಯ ಮೇಲೆ ನಿಲ್ಲಿಸುವಷ್ಟು ಉಳಿಯುವುದಿಲ್ಲ. Li₂ರಿಂದ N₂ವರೆಗೆ π-ಮೊದಲು, O₂ ಮತ್ತು F₂ಗೆ σ-ಮೊದಲು ಎಂಬ ನಿಯಮ ಹುಟ್ಟಿದ್ದು ಹೀಗೆ. ಬೆರಕೆ N₂ನಲ್ಲಿ ಪೂರ್ತಿಯಿದ್ದು O₂ನಲ್ಲಿ ಒಮ್ಮೆಲೇ ಶೂನ್ಯವಾಗುತ್ತದೆ ಎಂದು ತಿಳಿಯಬಾರದು. ಅದು ಮೆಲ್ಲಮೆಲ್ಲನೆ ಕಡಿಮೆಯಾಗುತ್ತದೆ. ಎರಡು ಮಟ್ಟಗಳು ಸ್ಥಾನ ಬದಲಿಸುವುದು ಮಾತ್ರ ಆ ಜಾಗದಲ್ಲಿ.

ಬಂಧ ಕ್ರಮಾಂಕವಷ್ಟೇ ಬೇಕಾದಾಗ

ಬಂಧಕ ಇಲೆಕ್ಟ್ರಾನ್‌ಗಳ ಸಂಖ್ಯೆಯಿಂದ ಪ್ರತಿಬಂಧಕ ಇಲೆಕ್ಟ್ರಾನ್‌ಗಳ ಸಂಖ್ಯೆಯನ್ನು ಕಳೆದು ಎರಡರಿಂದ ಭಾಗಿಸಿದರೆ ಬಂಧ ಕ್ರಮಾಂಕ ಸಿಗುತ್ತದೆ. ಇಲ್ಲಿ ಬಹಳಷ್ಟು ವಿದ್ಯಾರ್ಥಿಗಳು ಗಮನಿಸದೆ ಬಿಡುವ ಒಂದು ಸಂಗತಿಯಿದೆ: ಮೇಲಿನ ಎರಡು ಕ್ರಮಗಳಲ್ಲಿ ಸ್ಥಾನ ಬದಲಿಸುವ σ2p ಮತ್ತು π2p ಎರಡೂ ಬಂಧಕ ಆರ್ಬಿಟಲ್‌ಗಳೇ. ಇಲೆಕ್ಟ್ರಾನ್ ಇವುಗಳಲ್ಲಿ ಯಾವುದಕ್ಕೆ ಮೊದಲು ಹೋದರೂ ಬಂಧಕ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಕ್ರಮವನ್ನು ತಪ್ಪಾಗಿ ಆರಿಸಿದರೂ ಬಂಧ ಕ್ರಮಾಂಕ ಬದಲಾಗುವುದಿಲ್ಲ. ಯಾವ ಚಿತ್ರವೆಂದು ನೆನಪಾಗದೆ ಬಂಧ ಕ್ರಮಾಂಕದ ಲೆಕ್ಕವನ್ನೇ ಕೈಬಿಡುವವರಿದ್ದಾರೆ. ಅವರು ಯಾವುದಾದರೊಂದನ್ನು ಬರೆದಿದ್ದರೂ ಉತ್ತರ ಸರಿಯಾಗಿಯೇ ಬರುತ್ತಿತ್ತು.

ಇದೇ ಕಾರಣಕ್ಕೆ ಅಡ್ಡದಾರಿಯೂ ಕೆಲಸ ಮಾಡುತ್ತದೆ. ಒಟ್ಟು 14 ಇಲೆಕ್ಟ್ರಾನ್‌ಗಳಿರುವ ಅಣುವಿನ ಬಂಧ ಕ್ರಮಾಂಕ 3 ಎಂದು ಇಟ್ಟುಕೊಂಡು, ಅಲ್ಲಿಂದ ಮೇಲಕ್ಕಾಗಲಿ ಕೆಳಕ್ಕಾಗಲಿ ಸರಿಯುವ ಪ್ರತಿಯೊಂದು ಇಲೆಕ್ಟ್ರಾನ್‌ಗೂ ಅರ್ಧ ಕಳೆಯುತ್ತ ಹೋಗುವುದು ಅದರ ವಿಧಾನ. 13 ಇಲೆಕ್ಟ್ರಾನ್‌ಗಳ N₂⁺ಗೆ 2.5, 16ರ O₂ಗೆ 2, 17ರ O₂⁻ಗೆ 1.5, 18ರ F₂ಗೆ 1. ಇದು 8ರಿಂದ 20 ಇಲೆಕ್ಟ್ರಾನ್‌ಗಳವರೆಗೆ, ಎರಡೂ ಪರಮಾಣುಗಳು ಎರಡನೇ ಸಾಲಿನವಾಗಿದ್ದಾಗ ಮಾತ್ರ ನಡೆಯುತ್ತದೆ. 6 ಇಲೆಕ್ಟ್ರಾನ್‌ಗಳ Li₂ಗೆ ಇದನ್ನು ಹಚ್ಚಿದರೆ ಋಣ ಸಂಖ್ಯೆ ಬರುತ್ತದೆ, ಅದರ ನಿಜವಾದ ಬಂಧ ಕ್ರಮಾಂಕ 1. ಬಹು ಆಯ್ಕೆಯ ಪ್ರಶ್ನೆಯಲ್ಲಿ ಬಂಧ ಕ್ರಮಾಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಬೇಕಾದಾಗ ನಾನಂತೂ ಈ ಅಡ್ಡದಾರಿಯನ್ನೇ ಬಳಸಲು ಹೇಳುತ್ತೇನೆ. ಆದರೆ ಅದು ಇಲೆಕ್ಟ್ರಾನ್ ಯಾವ ಆರ್ಬಿಟಲ್‌ನಲ್ಲಿ ಕುಳಿತಿದೆ ಎಂಬುದನ್ನು ಹೇಳುವುದಿಲ್ಲ, ಆದ್ದರಿಂದ ಕಾಂತೀಯ ಗುಣದ ಪ್ರಶ್ನೆ ಬಂದ ಕೂಡಲೇ ಅದನ್ನು ಬದಿಗಿಡಬೇಕು.

ಕಾಂತೀಯ ಗುಣ ಕೇಳಿದಾಗ: ಕ್ರಮ ನಿರ್ಣಾಯಕವಾಗುವ ಎರಡು ಜಾಗಗಳು

ಜೋಡಿಯಿಲ್ಲದ ಇಲೆಕ್ಟ್ರಾನ್ ಒಂದಾದರೂ ಇದ್ದರೆ ವಸ್ತು ಕಾಂತಕ್ಷೇತ್ರದ ಕಡೆಗೆ ಸೆಳೆಯಲ್ಪಡುತ್ತದೆ; ಅದು ಪ್ಯಾರಾಮ್ಯಾಗ್ನೆಟಿಕ್. ಎಲ್ಲ ಇಲೆಕ್ಟ್ರಾನ್‌ಗಳೂ ಜೋಡಿಯಾಗಿದ್ದರೆ ವಸ್ತು ತೀರ ದುರ್ಬಲವಾಗಿ ವಿಕರ್ಷಿಸಲ್ಪಡುತ್ತದೆ, ಅದು ಡಯಾಮ್ಯಾಗ್ನೆಟಿಕ್. ಈಗ ಕ್ರಮದ ಆಯ್ಕೆ ಎಲ್ಲಿ ಪರಿಣಾಮ ಬೀರುತ್ತದೆ ಎಂಬುದನ್ನು ವೇಲೆನ್ಸಿ ಇಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಪರೀಕ್ಷಿಸೋಣ. ಮೊದಲ ನಾಲ್ಕು ಇಲೆಕ್ಟ್ರಾನ್‌ಗಳು σ2s ಮತ್ತು σ*2sಗಳನ್ನು ತುಂಬುತ್ತವೆ. ಐದನೆಯದು ಎಲ್ಲಿಗೆ ಹೋದರೂ ಒಂಟಿಯೇ. ಆರನೆಯದು ಬಂದಾಗ ದಾರಿಗಳು ಬೇರೆಯಾಗುತ್ತವೆ: π-ಮೊದಲು ಕ್ರಮದಲ್ಲಿ ಎರಡು ಸಮಾನ π ಆರ್ಬಿಟಲ್‌ಗಳಲ್ಲಿ ಒಂದೊಂದು ಇಲೆಕ್ಟ್ರಾನ್ ಕೂರುತ್ತದೆ, σ-ಮೊದಲು ಕ್ರಮದಲ್ಲಿ ಎರಡೂ σ2pಯಲ್ಲಿ ಜೋಡಿಯಾಗುತ್ತವೆ. ಏಳರಲ್ಲಿ ಎರಡು ಕ್ರಮಗಳೂ ಒಂದೇ ಒಂಟಿ ಇಲೆಕ್ಟ್ರಾನ್ ಕೊಡುತ್ತವೆ. ಎಂಟರಲ್ಲಿ ಮತ್ತೆ ಭಿನ್ನತೆ: π-ಮೊದಲು ಕ್ರಮದಲ್ಲಿ π2p ಪೂರ್ತಿ ತುಂಬಿ ಒಂಟಿ ಇಲೆಕ್ಟ್ರಾನ್ ಉಳಿಯುವುದಿಲ್ಲ, σ-ಮೊದಲು ಕ್ರಮದಲ್ಲಿ σ2p ತುಂಬಿ π2pಯಲ್ಲಿ ಎರಡು ಒಂಟಿಗಳು ಉಳಿಯುತ್ತವೆ. ಒಂಬತ್ತರಲ್ಲಿ ಎರಡರಲ್ಲೂ ಒಂದು. ಹತ್ತರಲ್ಲಿ ಎಲ್ಲ ತುಂಬಿ ಎರಡರಲ್ಲೂ ಸೊನ್ನೆ. ಅಲ್ಲಿಂದ ಮುಂದೆ ಇಲೆಕ್ಟ್ರಾನ್‌ಗಳು π*2pಗೆ ಹೋಗುವುದರಿಂದ ಕೆಳಗಿನ ಕ್ರಮ ಯಾವುದಾದರೂ ಉತ್ತರ ಒಂದೇ.

ಅಂದರೆ ಈ ಇಡೀ ಸಾಲಿನಲ್ಲಿ ಜೋಡಿಯಿಲ್ಲದ ಇಲೆಕ್ಟ್ರಾನ್‌ಗಳ ಸಂಖ್ಯೆ ಕ್ರಮದ ಆಯ್ಕೆಯನ್ನು ಅವಲಂಬಿಸುವುದು ಆರು ಮತ್ತು ಎಂಟು ವೇಲೆನ್ಸಿ ಇಲೆಕ್ಟ್ರಾನ್‌ಗಳಲ್ಲಿ ಮಾತ್ರ. ಸಮಾನ ಪರಮಾಣುಗಳ ತಟಸ್ಥ ಅಣುಗಳಲ್ಲಿ ಅವು B₂ ಮತ್ತು C₂. ಆಕ್ಸಿಜನ್ ಪ್ಯಾರಾಮ್ಯಾಗ್ನೆಟಿಕ್ ಎಂಬುದಕ್ಕೆ σ-ಮೊದಲು ಕ್ರಮವೇ ಕಾರಣ ಎಂದು ಬರೆದಿರುವ ಉತ್ತರಗಳು ಆಗಾಗ ಕಾಣಸಿಗುತ್ತವೆ. ಅದು ಸರಿಯಲ್ಲ. ಆಕ್ಸಿಜನ್‌ಗೆ π-ಮೊದಲು ಚಿತ್ರ ಬರೆದರೂ ಕೊನೆಯ ಎರಡು ಇಲೆಕ್ಟ್ರಾನ್‌ಗಳು π*2pಯಲ್ಲಿ ಒಂಟಿಯಾಗಿಯೇ ಉಳಿಯುತ್ತವೆ.

B₂ ಅಣುವನ್ನು ಪೂರ್ತಿಯಾಗಿ ಬರೆದು ನೋಡೋಣ. ಪ್ರತಿ ಬೋರಾನ್‌ಗೆ ಮೂರು ವೇಲೆನ್ಸಿ ಇಲೆಕ್ಟ್ರಾನ್, ಒಟ್ಟು ಆರು. π-ಮೊದಲು ಕ್ರಮದಲ್ಲಿ ವಿನ್ಯಾಸ (σ2s)²(σ*2s)²(π2p)². ಬಂಧಕ ನಾಲ್ಕು, ಪ್ರತಿಬಂಧಕ ಎರಡು, ಬಂಧ ಕ್ರಮಾಂಕ 1. ಹುಂಡನ ನಿಯಮದ ಪ್ರಕಾರ π2pಯ ಎರಡು ಇಲೆಕ್ಟ್ರಾನ್‌ಗಳು ಬೇರೆ ಬೇರೆ ಆರ್ಬಿಟಲ್‌ಗಳಲ್ಲಿ ಒಂದೇ ದಿಕ್ಕಿನ ಸ್ಪಿನ್‌ನೊಂದಿಗೆ ಇರುತ್ತವೆ, ಆದ್ದರಿಂದ ಅಣು ಪ್ಯಾರಾಮ್ಯಾಗ್ನೆಟಿಕ್. σ-ಮೊದಲು ಕ್ರಮ ಸರಿಯಾಗಿದ್ದಿದ್ದರೆ ವಿನ್ಯಾಸ (σ2s)²(σ*2s)²(σ2p)² ಆಗಿ, ಬಂಧ ಕ್ರಮಾಂಕ 1 ಹಾಗೆಯೇ ಉಳಿದು, ಅಣು ಡಯಾಮ್ಯಾಗ್ನೆಟಿಕ್ ಆಗುತ್ತಿತ್ತು. ರೋಹಿತ ಅಧ್ಯಯನಗಳು ತೋರಿಸುವ ಮೂಲಸ್ಥಿತಿಯಲ್ಲಿ ಎರಡು ಒಂಟಿ ಇಲೆಕ್ಟ್ರಾನ್‌ಗಳಿವೆ. ಬಂಧದ ಉದ್ದ ಸುಮಾರು 159 ಪಿಕೋಮೀಟರ್. ವಿಚಿತ್ರವೆನಿಸಬಹುದು: σ ಬಂಧವಿಲ್ಲದೆ π ಬಂಧ ಇರಲಾರದು ಎಂದು ಶಾಲೆಯಲ್ಲಿ ಕಲಿತದ್ದಕ್ಕೆ ಇದು ಹೊಂದುವುದಿಲ್ಲ. ಆದರೆ ಆ ಮಾತು ವೇಲೆನ್ಸ್ ಬಂಧ ಸಿದ್ಧಾಂತದ ರೂಢಿ. B₂ನಲ್ಲಿ s–p ಬೆರಕೆಯಿಂದ ಇನ್ನಷ್ಟು ಕೆಳಗಿಳಿದ σ2s, ತನ್ನ ಪ್ರತಿಬಂಧಕ ಜೊತೆಗಾರನಿಗಿಂತ ಹೆಚ್ಚು ಬಲವಾಗಿ ಬಂಧಕ್ಕೆ ನೆರವಾಗುತ್ತಿರುತ್ತದೆ. ಸರಳ ಎಣಿಕೆ ಅದನ್ನು ಕಾಣಿಸುವುದಿಲ್ಲ.

C₂ ಇನ್ನೂ ಕುತೂಹಲಕರ. ಎಂಟು ವೇಲೆನ್ಸಿ ಇಲೆಕ್ಟ್ರಾನ್‌ಗಳು, π-ಮೊದಲು ಕ್ರಮದಲ್ಲಿ (σ2s)²(σ*2s)²(π2p)⁴, ಬಂಧ ಕ್ರಮಾಂಕ 2, ಒಂಟಿ ಇಲೆಕ್ಟ್ರಾನ್ ಇಲ್ಲ. ಬಂಧದ ಉದ್ದ ಸುಮಾರು 124 ಪಿಕೋಮೀಟರ್. ಪರೀಕ್ಷೆಯಲ್ಲಿ ಬರೆಯಬೇಕಾದ ಉತ್ತರ ಡಯಾಮ್ಯಾಗ್ನೆಟಿಕ್, ಅದು ಸರಿಯೂ ಹೌದು. ಆದರೆ C₂ನಲ್ಲಿ π2p ಮತ್ತು σ2p ಎಷ್ಟು ಹತ್ತಿರವಿವೆಯೆಂದರೆ, ಒಂದು ಇಲೆಕ್ಟ್ರಾನ್ π2pಯಿಂದ σ2pಗೆ ಏರಿ ಎರಡು ಒಂಟಿ ಇಲೆಕ್ಟ್ರಾನ್‌ಗಳುಳ್ಳ ತ್ರಿಕ ಸ್ಥಿತಿ ಉಂಟಾಗಲು ಬೇಕಾದ ಶಕ್ತಿ ಕೇವಲ 716 ಸೆಂ.ಮೀ⁻¹, ಅಂದರೆ ಸುಮಾರು 0.09 ಇಲೆಕ್ಟ್ರಾನ್ ವೋಲ್ಟ್. ಜ್ವಾಲೆಗಳಲ್ಲಿ ಕಾಣುವ ನೀಲಿ–ಹಸಿರು ಬಣ್ಣದ ಸ್ವಾನ್ ಪಟ್ಟಿಗಳು ಈ ತ್ರಿಕ ಸ್ಥಿತಿಗೆ ಸಂಬಂಧಿಸಿದವು. ಅವು ಬಹಳ ಪ್ರಬಲವಾಗಿ ಕಾಣಿಸುತ್ತಿದ್ದುದರಿಂದ ತ್ರಿಕ ಸ್ಥಿತಿಯೇ C₂ನ ಮೂಲಸ್ಥಿತಿ ಎಂದು ದೀರ್ಘಕಾಲ ನಂಬಲಾಗಿತ್ತು. ಮೂಲಸ್ಥಿತಿಯಲ್ಲಿ ಒಂಟಿ ಇಲೆಕ್ಟ್ರಾನ್‌ಗಳಿಲ್ಲ ಎಂಬುದನ್ನು 1959ರಲ್ಲಿ ಬ್ಯಾಲಿಕ್ ಮತ್ತು ರ‍್ಯಾಮ್ಸೆ ಅವರ ರೋಹಿತ ಅಧ್ಯಯನ ಸ್ಥಾಪಿಸಿತು.

ಈ ಸಣ್ಣ ಅಂತರದ ಅರ್ಥವನ್ನು ಲೆಕ್ಕ ಹಾಕಿ ನೋಡಬಹುದು. 2000 ಕೆಲ್ವಿನ್‌ನಲ್ಲಿ ಉಷ್ಣ ಶಕ್ತಿ kT ಸುಮಾರು 1390 ಸೆಂ.ಮೀ⁻¹. 716ನ್ನು ಅದರಿಂದ ಭಾಗಿಸಿ ಬೋಲ್ಟ್ಸ್‌ಮನ್ ಘಾತವನ್ನು ತೆಗೆದರೆ ಸುಮಾರು 0.6 ಬರುತ್ತದೆ. ತ್ರಿಕ ಸ್ಥಿತಿಗೆ ಸ್ಪಿನ್‌ನಿಂದ ಮೂರು, ಕಕ್ಷೀಯ ಚಲನೆಯಿಂದ ಎರಡು, ಒಟ್ಟು ಆರು ಉಪಸ್ಥಿತಿಗಳಿವೆ, ಮೂಲಸ್ಥಿತಿಗೆ ಒಂದೇ. 0.6ನ್ನು ಆರರಿಂದ ಗುಣಿಸಿದರೆ, ಆ ಉಷ್ಣತೆಯಲ್ಲಿ ತ್ರಿಕ ಸ್ಥಿತಿಯ ಅಣುಗಳು ಮೂಲಸ್ಥಿತಿಯ ಅಣುಗಳಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಿರುತ್ತವೆ ಎಂದಾಗುತ್ತದೆ. ಕಾರ್ಬನ್ ಆವಿಯಲ್ಲಿ C₂ ಸಿಗುವುದೇ ಇಂಥ ಉಷ್ಣತೆಗಳಲ್ಲಿ ಅಥವಾ ಇನ್ನೂ ಹೆಚ್ಚಿನವುಗಳಲ್ಲಿ. ಆದ್ದರಿಂದ C₂ ಡಯಾಮ್ಯಾಗ್ನೆಟಿಕ್ ಎಂಬ ಹೇಳಿಕೆ ಅದರ ಮೂಲಸ್ಥಿತಿಯನ್ನು ಕುರಿತದ್ದು. ಬಿಸಿ ಆವಿಯ ಮಾದರಿಯೊಂದನ್ನು ಕುರಿತದ್ದಲ್ಲ.

ಇದೇ ಎಂಟು ವೇಲೆನ್ಸಿ ಇಲೆಕ್ಟ್ರಾನ್‌ಗಳ BN ಅಣುವಿನಲ್ಲಿ ಸ್ಪರ್ಧೆಯ ಫಲಿತಾಂಶ ತಿರುವುಮುರುವಾಗುತ್ತದೆ. ಅಲ್ಲಿ ಮೂಲಸ್ಥಿತಿಯೇ ತ್ರಿಕ, π2pಯಲ್ಲಿ ಮೂರು ಮತ್ತು σ2pಯಲ್ಲಿ ಒಂದು ಇಲೆಕ್ಟ್ರಾನ್. ಎರಡು ಚಿತ್ರಗಳಲ್ಲಿ ಯಾವುದನ್ನೂ ಕೆಳಗಿನಿಂದ ಕ್ರಮವಾಗಿ ತುಂಬುತ್ತ ಹೋದರೆ ಈ ವಿನ್ಯಾಸ ಸಿಗುವುದಿಲ್ಲ. ಎರಡು ಮಟ್ಟಗಳು ಬಹಳ ಹತ್ತಿರವಿದ್ದಾಗ, ಒಂದೇ ಆರ್ಬಿಟಲ್‌ನಲ್ಲಿ ಎರಡು ಇಲೆಕ್ಟ್ರಾನ್‌ಗಳನ್ನು ಜೋಡಿಸುವುದಕ್ಕೆ ತೆರಬೇಕಾದ ವಿಕರ್ಷಣೆಯ ಶಕ್ತಿ, ಮೇಲಿನ ಮಟ್ಟಕ್ಕೆ ಏರುವ ಶಕ್ತಿಗಿಂತ ಹೆಚ್ಚಾಗಬಹುದು. ಶಕ್ತಿಮಟ್ಟದ ಚಿತ್ರ ಈ ವಿಕರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. BNನ ಕಾಂತೀಯ ಗುಣವನ್ನು ಚಿತ್ರದಿಂದಲೇ ನಿರ್ಧರಿಸಲು ಕೇಳುವ ಪ್ರಶ್ನೆ, ನನ್ನ ದೃಷ್ಟಿಯಲ್ಲಿ, ಕೇಳಬಾರದ ಪ್ರಶ್ನೆ.

N₂: ಕಾಂತವು ಹೇಳದಿದ್ದುದನ್ನು ಬೆಳಕು ಹೇಳುತ್ತದೆ

ಹತ್ತು ವೇಲೆನ್ಸಿ ಇಲೆಕ್ಟ್ರಾನ್‌ಗಳ N₂ ಎರಡೂ ಕ್ರಮಗಳಲ್ಲಿ ಡಯಾಮ್ಯಾಗ್ನೆಟಿಕ್, ಎರಡರಲ್ಲೂ ಬಂಧ ಕ್ರಮಾಂಕ 3. N₂⁺ ಎರಡರಲ್ಲೂ ಒಂದು ಒಂಟಿ ಇಲೆಕ್ಟ್ರಾನ್‌ನೊಂದಿಗೆ ಪ್ಯಾರಾಮ್ಯಾಗ್ನೆಟಿಕ್, ಎರಡರಲ್ಲೂ 2.5. ಹಾಗಾದರೆ ನೈಟ್ರೋಜನ್ π-ಮೊದಲು ಗುಂಪಿಗೆ ಸೇರಿದೆ ಎಂದು ತಿಳಿದದ್ದು ಹೇಗೆ? ದ್ಯುತಿ ಇಲೆಕ್ಟ್ರಾನ್ ರೋಹಿತದಿಂದ. ನೇರಳಾತೀತ ಬೆಳಕಿನಿಂದ N₂ನ ಇಲೆಕ್ಟ್ರಾನ್ ಒಂದನ್ನು ಹೊರಗೆ ತೆಗೆಯಲು ಬೇಕಾಗುವ ಕನಿಷ್ಠ ಶಕ್ತಿ ಸುಮಾರು 15.6 ಇಲೆಕ್ಟ್ರಾನ್ ವೋಲ್ಟ್. ಅದರ ನಂತರದ ಪಟ್ಟಿ ಸುಮಾರು 16.7ರಲ್ಲಿ ಆರಂಭವಾಗುತ್ತದೆ, ಮೂರನೆಯದು 18.8ರಲ್ಲಿ.

ಯಾವ ಪಟ್ಟಿ ಯಾವ ಆರ್ಬಿಟಲ್‌ನದು ಎಂಬುದನ್ನು ಉಳಿದ ಅಯಾನಿನ ಕಂಪನವೇ ತಿಳಿಸುತ್ತದೆ. ತಟಸ್ಥ N₂ನ ಕಂಪನ ಸಂಖ್ಯೆ ಸುಮಾರು 2359 ಸೆಂ.ಮೀ⁻¹. ಮೊದಲ ಪಟ್ಟಿಯಲ್ಲಿ ಉಂಟಾಗುವ ಅಯಾನಿಗೆ ಅದು ಸುಮಾರು 2207, ಎರಡನೆಯದರಲ್ಲಿ ಉಂಟಾಗುವುದಕ್ಕೆ ಸುಮಾರು 1903. ಎರಡನೇ ಸಲ ಬಂಧ ಸಾಕಷ್ಟು ಸಡಿಲವಾಯಿತು ಎಂದರೆ ಹೊರಬಂದದ್ದು ಬಲವಾದ ಬಂಧಕ ಇಲೆಕ್ಟ್ರಾನ್, ಅಂದರೆ π2pಯದು. ಮೊದಲ ಸಲ ಕಂಪನ ಅಷ್ಟೇನೂ ಬದಲಾಗಲಿಲ್ಲ ಎಂದರೆ ಹೊರಬಂದದ್ದು ಬೆರಕೆಯಿಂದ ಮೇಲೇರಿ ಬಂಧಕ ಬಲವನ್ನು ಬಹಳಷ್ಟು ಕಳೆದುಕೊಂಡ σ2pಯದು. ಸುಲಭವಾಗಿ ಹೊರಬರುವುದು ಮೇಲಿನ ಮಟ್ಟದ ಇಲೆಕ್ಟ್ರಾನ್ ಆದ್ದರಿಂದ N₂ನಲ್ಲಿ σ2p ಮೇಲಿದೆ. ಯಾವ ಇಲೆಕ್ಟ್ರಾನ್ ಮೊದಲು ಹೋಗುತ್ತದೆ, N₂⁺ನ ಒಂಟಿ ಇಲೆಕ್ಟ್ರಾನ್ ಯಾವ ಆರ್ಬಿಟಲ್‌ನಲ್ಲಿದೆ ಎಂಬ ಪ್ರಶ್ನೆಗಳಿಗೆ ಕ್ರಮ ಅಗತ್ಯ. ಅಲ್ಲಿ ಅಡ್ಡದಾರಿ ಏನನ್ನೂ ಹೇಳಲಾರದು.

ಆಕ್ಸಿಜನ್ ಮತ್ತು ಅದರ ಅಯಾನುಗಳು

ಚುಕ್ಕೆಗಳ ಲೂಯಿಸ್ ರಚನೆ O₂ಗೆ ದ್ವಿಬಂಧವನ್ನು ಸರಿಯಾಗಿ ಕೊಡುತ್ತದೆ, ಆದರೆ ಎಲ್ಲ ಇಲೆಕ್ಟ್ರಾನ್‌ಗಳನ್ನೂ ಜೋಡಿಯಾಗಿಸಿಬಿಡುತ್ತದೆ. ದ್ರವ ಆಕ್ಸಿಜನನ್ನು ಬಲವಾದ ಕಾಂತದ ಎರಡು ಧ್ರುವಗಳ ನಡುವೆ ಸುರಿದರೆ ತಿಳಿನೀಲಿ ದ್ರವ ಅಲ್ಲಿಯೇ ಸಿಕ್ಕಿಕೊಂಡು ನಿಲ್ಲುತ್ತದೆ. ದ್ರವ ನೈಟ್ರೋಜನ್ ಹಾಗೆಯೇ ಹರಿದುಹೋಗುತ್ತದೆ. ಈ ಕಾಂತೀಯತೆ 19ನೇ ಶತಮಾನದಲ್ಲೇ ಫ್ಯಾರಡೆಗೆ ತಿಳಿದಿತ್ತು. ಅದಕ್ಕೆ ಅಣು ಆರ್ಬಿಟಲ್‌ಗಳ ಮೂಲಕ ವಿವರಣೆ ಸಿಕ್ಕಿದ್ದು 1920ರ ದಶಕದ ಕೊನೆಯಲ್ಲಿ, ಮುಲ್ಲಿಕನ್ ಮತ್ತು ಲೆನ್ನಾರ್ಡ್-ಜೋನ್ಸ್ ಅವರ ಕೆಲಸದಿಂದ.

O₂ನ ವಿನ್ಯಾಸ (σ2s)²(σ*2s)²(σ2p)²(π2p)⁴(π*2p)². ಬಂಧಕ ಎಂಟು, ಪ್ರತಿಬಂಧಕ ನಾಲ್ಕು, ಬಂಧ ಕ್ರಮಾಂಕ 2. ಇಲ್ಲಿ ಆಗುವ ಸಾಮಾನ್ಯ ತಪ್ಪು ಕ್ರಮದ್ದಲ್ಲ, ತುಂಬುವುದರದ್ದು: π*2pಯ ಎರಡು ಗೆರೆಗಳಲ್ಲಿ ಒಂದರ ಮೇಲೆಯೇ ಎರಡು ಬಾಣಗಳನ್ನು ಬರೆದು ಅಣುವನ್ನು ಡಯಾಮ್ಯಾಗ್ನೆಟಿಕ್ ಮಾಡಿಬಿಡುತ್ತಾರೆ. ಸಮಾನ ಶಕ್ತಿಯ ಗೆರೆಗಳನ್ನು ಅಕ್ಕಪಕ್ಕದಲ್ಲಿ, ಒಂದೇ ಎತ್ತರದಲ್ಲಿ ಬರೆಯುವ ಅಭ್ಯಾಸವಿದ್ದರೆ ಈ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಎರಡು ಒಂಟಿ ಇಲೆಕ್ಟ್ರಾನ್‌ಗಳಿಗೆ ಸ್ಪಿನ್-ಮಾತ್ರ ಸೂತ್ರ √[n(n+2)] ಕೊಡುವ ಕಾಂತೀಯ ಭ್ರಾಮಕ √8, ಅಂದರೆ 2.83 ಬೋರ್ ಮ್ಯಾಗ್ನೆಟಾನ್; ಅಳೆದ ಬೆಲೆಯೂ ಇದರ ಆಸುಪಾಸಿನಲ್ಲಿಯೇ ಇದೆ.

ಅಯಾನುಗಳಲ್ಲಿ ಬಂಧ ಕ್ರಮಾಂಕ ಮತ್ತು ಕಾಂತೀಯ ಗುಣ ಬೇರೆ ಬೇರೆ ದಾರಿ ಹಿಡಿಯುತ್ತವೆ. O₂⁺, O₂, O₂⁻, O₂²⁻ ಎಂದು ಸಾಗಿದಂತೆ ಬಂಧ ಕ್ರಮಾಂಕ 2.5, 2, 1.5, 1 ಎಂದು ಒಂದೇ ದಿಕ್ಕಿನಲ್ಲಿ ಇಳಿಯುತ್ತದೆ, ಬಂಧದ ಉದ್ದ 112 ಪಿಕೋಮೀಟರ್‌ನಿಂದ 121ಕ್ಕೆ, ಆಮೇಲೆ ಸುಮಾರು 133ಕ್ಕೆ, ಕೊನೆಗೆ ಸುಮಾರು 149ಕ್ಕೆ ಬೆಳೆಯುತ್ತದೆ. ಆದರೆ ಒಂಟಿ ಇಲೆಕ್ಟ್ರಾನ್‌ಗಳ ಸಂಖ್ಯೆ 1, 2, 1, 0 ಎಂದು ಏರಿ ಇಳಿಯುತ್ತದೆ. ಬಂಧ ಗಟ್ಟಿಯಾದಷ್ಟೂ ಕಾಂತೀಯತೆ ಹೆಚ್ಚು ಅಥವಾ ಕಡಿಮೆ ಎಂಬ ಯಾವ ನಿಯಮವೂ ಇಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ KO₂ ಪ್ಯಾರಾಮ್ಯಾಗ್ನೆಟಿಕ್, ಸೋಡಿಯಂ ಪೆರಾಕ್ಸೈಡ್ Na₂O₂ ಡಯಾಮ್ಯಾಗ್ನೆಟಿಕ್; ಸೂತ್ರ ನೋಡಿ ಆಕ್ಸಿಜನ್ ಯಾವ ರೂಪದಲ್ಲಿದೆ ಎಂಬ ಸಂಶಯ ಬಂದರೆ ಕಾಂತೀಯ ಮಾಪನ ಅದನ್ನು ಬಗೆಹರಿಸುತ್ತದೆ.

ಎರಡು ಬೇರೆ ಪರಮಾಣುಗಳಿದ್ದಾಗ: CO ಮತ್ತು NO

CO, NO, CN⁻ ಮುಂತಾದವುಗಳಲ್ಲಿ ಒಂದು ಪರಮಾಣು ಗಡಿಯ ಈಚೆಗೆ, ಇನ್ನೊಂದು ಆಚೆಗೆ ಇರಬಹುದು. ಯಾವ ಕ್ರಮ ಬಳಸಬೇಕು? ಒಟ್ಟು 14 ಅಥವಾ ಅದಕ್ಕಿಂತ ಕಡಿಮೆ ಇಲೆಕ್ಟ್ರಾನ್‌ಗಳಿದ್ದರೆ π-ಮೊದಲು ಎಂಬುದು ಬಳಕೆಯ ಸೂತ್ರ; CO, CN⁻ ಮತ್ತು NO⁺ ಈ ಗುಂಪಿಗೆ ಬರುತ್ತವೆ. ಅದಕ್ಕಿಂತ ಹೆಚ್ಚಿದ್ದರೆ, ಮೇಲೆ ಕಂಡಂತೆ, ಬಂಧ ಕ್ರಮಾಂಕಕ್ಕಾಗಲಿ ಒಂಟಿ ಇಲೆಕ್ಟ್ರಾನ್‌ಗಳ ಸಂಖ್ಯೆಗಾಗಲಿ ಕ್ರಮ ಮುಖ್ಯವೇ ಅಲ್ಲ. 15 ಇಲೆಕ್ಟ್ರಾನ್‌ಗಳ NOಗೆ ಯಾವ ಚಿತ್ರ ಬರೆದರೂ ಕೊನೆಯ ಇಲೆಕ್ಟ್ರಾನ್ π*2pಯಲ್ಲಿ ಒಂಟಿ, ಬಂಧ ಕ್ರಮಾಂಕ 2.5. ಆ ಇಲೆಕ್ಟ್ರಾನನ್ನು ತೆಗೆದು NO⁺ ಮಾಡಿದರೆ ಬಂಧ ಕ್ರಮಾಂಕ 3ಕ್ಕೆ ಏರುತ್ತದೆ, ಉದ್ದ 115 ಪಿಕೋಮೀಟರ್‌ನಿಂದ 106ಕ್ಕೆ ಇಳಿಯುತ್ತದೆ. ಎಣಿಕೆ ಮತ್ತು ಅಳತೆ ಚೆನ್ನಾಗಿ ಹೊಂದುತ್ತವೆ.

CO⁺ನಲ್ಲಿ ಮಾತ್ರ ಹೊಂದುವುದಿಲ್ಲ, ಮತ್ತು ವಾದಗಳು ಹೆಚ್ಚಾಗಿ ಏಳುವುದೂ ಇಲ್ಲಿಯೇ. ಎಣಿಕೆಯ ಪ್ರಕಾರ COಗೆ 3, CO⁺ಗೆ 2.5, ಬಂಧ ಉದ್ದವಾಗಬೇಕು. ಅಳತೆ ಹೇಳುವುದು ತದ್ವಿರುದ್ಧ: COನಲ್ಲಿ 112.8 ಪಿಕೋಮೀಟರ್ ಇದ್ದ ಉದ್ದ CO⁺ನಲ್ಲಿ 111.5 ಆಗುತ್ತದೆ, ಕಂಪನ ಸಂಖ್ಯೆ 2170ರಿಂದ 2214 ಸೆಂ.ಮೀ⁻¹ಗೆ ಏರುತ್ತದೆ. ಅಷ್ಟೇ ಇಲೆಕ್ಟ್ರಾನ್‌ಗಳ N₂ ಇದಕ್ಕೆ ಹೋಲಿಸಿದರೆ ಎಣಿಕೆಯಂತೆಯೇ ನಡೆದುಕೊಳ್ಳುತ್ತದೆ; ಅದರ ಉದ್ದ 109.8ರಿಂದ 111.6ಕ್ಕೆ ಹೆಚ್ಚುತ್ತದೆ. ಕಾರಣ COನ ತುಂಬಿದ ಆರ್ಬಿಟಲ್‌ಗಳಲ್ಲಿ ಅತ್ಯಂತ ಮೇಲಿನದಾದ σ ಆರ್ಬಿಟಲ್‌ನ ಸ್ವರೂಪದಲ್ಲಿದೆ. ಬೆರಕೆಯಿಂದಾಗಿ ಅದು ಹೆಚ್ಚಾಗಿ ಕಾರ್ಬನ್ ಮೇಲೆ, ಆಕ್ಸಿಜನ್ನಿಂದ ಹೊರಮುಖವಾಗಿ ಚಾಚಿಕೊಂಡಿರುವ ಒಂಟಿ ಜೋಡಿಯಂತಿದೆ. ಬಂಧಕ್ಕೆ ಅದರ ಕೊಡುಗೆ ಇಲ್ಲವೆನ್ನುವಷ್ಟು ಕಡಿಮೆ, ಸ್ವಲ್ಪ ಪ್ರತಿಬಂಧಕದ ಕಡೆಗೇ ವಾಲಿದೆ. CO ಲೋಹಗಳಿಗೆ ಕಾರ್ಬನ್ ತುದಿಯಿಂದ ಅಂಟುವುದಕ್ಕೂ ಇದೇ ಆರ್ಬಿಟಲ್ ಕಾರಣ.

ಕೆಲವು ಪ್ರಶ್ನೆ–ಉತ್ತರ ಸಂಗ್ರಹಗಳು ಹೊರಬರುವ ಇಲೆಕ್ಟ್ರಾನನ್ನು ಪ್ರತಿಬಂಧಕವೆಂದು ಎಣಿಸಿ CO⁺ಗೆ 3.5 ಎಂದು ಕೊಡುತ್ತವೆ. ಉದ್ದದ ದಿಕ್ಕನ್ನು ಅದು ಸರಿಯಾಗಿ ಹೇಳುತ್ತದೆ, ಆದರೆ ಬದಲಾವಣೆಯ ಪ್ರಮಾಣವನ್ನು ವಿಪರೀತ ಹಿಗ್ಗಿಸುತ್ತದೆ: NOನಿಂದ NO⁺ಗೆ ಬಂಧ ಕ್ರಮಾಂಕ ಅರ್ಧ ಏರಿದಾಗ ಉದ್ದ 9 ಪಿಕೋಮೀಟರ್ ಕಡಿಮೆಯಾಯಿತು, ಇಲ್ಲಿ ಕಡಿಮೆಯಾದದ್ದು 1.3 ಮಾತ್ರ. ಆ ಆರ್ಬಿಟಲ್ ಅಬಂಧಕ, ಆದ್ದರಿಂದ ಬಂಧ ಕ್ರಮಾಂಕ 3ರ ಹತ್ತಿರವೇ ಉಳಿಯುತ್ತದೆ ಎಂದು ಹೇಳುವುದು ಅಳತೆಗೆ ಹೆಚ್ಚು ಹತ್ತಿರ. ಪ್ರಶ್ನೆ ಸರಳ ಎಣಿಕೆಯನ್ನು ಕೇಳಿದ್ದರೆ 2.5 ಬರೆಯಿರಿ; ಉದ್ದವನ್ನು ವಿವರಿಸಲು ಕೇಳಿದ್ದರೆ ಅಬಂಧಕ ಆರ್ಬಿಟಲ್‌ನ ವಿವರಣೆಯನ್ನು ಕೊಡಿ. ಕಾಂತೀಯ ಗುಣದಲ್ಲಿ ಯಾವ ವಿವಾದವೂ ಇಲ್ಲ: ಮೂರು ಎಣಿಕೆಗಳಲ್ಲೂ CO⁺ಗೆ ಒಂದು ಒಂಟಿ ಇಲೆಕ್ಟ್ರಾನ್ ಇದೆ.

NOನ ಕಾಂತೀಯ ಭ್ರಾಮಕವನ್ನು ಸಂಖ್ಯೆಯಲ್ಲಿ ಹೇಳಬೇಕಾದಾಗ ಮಾತ್ರ ಎಚ್ಚರಿಕೆ ಬೇಕು. ಒಂದು ಒಂಟಿ ಇಲೆಕ್ಟ್ರಾನ್‌ಗೆ ಸ್ಪಿನ್-ಮಾತ್ರ ಸೂತ್ರ 1.73 ಬೋರ್ ಮ್ಯಾಗ್ನೆಟಾನ್ ಕೊಡುತ್ತದೆ, ಸಾಮಾನ್ಯ ಉಷ್ಣತೆಯಲ್ಲಿ ಅಳೆದರೆ ಸುಮಾರು 1.8 ಸಿಗುತ್ತದೆ, ನೋಡಲು ಸೂತ್ರ ಗೆದ್ದಂತೆಯೇ ಕಾಣುತ್ತದೆ. ಆದರೆ ಅನಿಲವನ್ನು ತಣಿಸುತ್ತ ಹೋದಂತೆ ಈ ಬೆಲೆ ಇಳಿಯುತ್ತ ಸೊನ್ನೆಯ ಕಡೆಗೆ ಸಾಗುತ್ತದೆ. O₂ನಲ್ಲಿ ಎರಡು π* ಆರ್ಬಿಟಲ್‌ಗಳಲ್ಲೂ ಒಂದೊಂದು ಇಲೆಕ್ಟ್ರಾನ್ ಇರುವುದರಿಂದ ಅಕ್ಷದ ಸುತ್ತಲಿನ ಕಕ್ಷೀಯ ಚಲನೆಗಳು ಪರಸ್ಪರ ರದ್ದಾಗಿ ಸ್ಪಿನ್ ಮಾತ್ರ ಉಳಿಯುತ್ತದೆ. NOನಲ್ಲಿ π*ನಲ್ಲಿರುವುದು ಒಂದೇ ಇಲೆಕ್ಟ್ರಾನ್, ಅದರ ಕಕ್ಷೀಯ ಚಲನೆಗೂ ತನ್ನದೇ ಕಾಂತೀಯ ಭ್ರಾಮಕವಿದೆ. ಅತ್ಯಂತ ಕೆಳಗಿನ ಸ್ಥಿತಿಯಲ್ಲಿ ಅದು ಸ್ಪಿನ್‌ನ ಭ್ರಾಮಕಕ್ಕೆ ವಿರುದ್ಧ ದಿಕ್ಕಿನಲ್ಲಿದ್ದು ಬಹುತೇಕ ಪೂರ್ತಿ ರದ್ದುಮಾಡುತ್ತದೆ; ಅದಕ್ಕಿಂತ ಸುಮಾರು 121 ಸೆಂ.ಮೀ⁻¹ ಮೇಲಿರುವ ಸ್ಥಿತಿಯಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ kT ಸುಮಾರು 207 ಸೆಂ.ಮೀ⁻¹ ಇರುವುದರಿಂದ ಎರಡೂ ಸ್ಥಿತಿಗಳಲ್ಲಿ ಅಣುಗಳು ಹಂಚಿಕೊಂಡಿರುತ್ತವೆ, ತಣಿದಾಗ ಕೆಳಗಿನದಷ್ಟೇ ಉಳಿಯುತ್ತದೆ. ಅಲ್ಲದೆ ದ್ರವ ಮತ್ತು ಘನ ರೂಪಗಳಲ್ಲಿ NO ಅಣುಗಳು ಎರಡೆರಡಾಗಿ ಸೇರಿ N₂O₂ ಆಗುವುದರಿಂದ ಒಂಟಿ ಇಲೆಕ್ಟ್ರಾನ್‌ಗಳೇ ಜೋಡಿಯಾಗಿಬಿಡುತ್ತವೆ. ಹಾಗಾಗಿ NO ಕುರಿತ ಪ್ರಶ್ನೆಯಲ್ಲಿ ಚಿತ್ರವನ್ನು ಒಂಟಿ ಇಲೆಕ್ಟ್ರಾನ್ ಇದೆಯೇ ಎಂದು ತಿಳಿಯಲು ಬಳಸಿ. ಭ್ರಾಮಕದ ಬೆಲೆ ಕೇಳಿದ್ದರೆ ಉಷ್ಣತೆ ಮತ್ತು ಸ್ಥಿತಿ ಯಾವುದೆಂದು ನೋಡದೆ 1.73 ಎಂದು ಬರೆಯಬೇಡಿ.